58 ಸಾವಿರದ ಕೊಟೇಷನ್ 84 ಸಾವಿರ ಆಗೋದು ಹೇಗೆ? ಮದುವೆ ಫೋಟೋ-ವಿಡಿಯೋಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ

ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಎರಡನೇ ಮಗಳ ಮದುವೆಗೆ ಮೂರು ಕಡೆ ಫೋಟೋ, ವಿಡಿಯೋ ರೇಟು ಕೇಳಿದ್ದರು. ಒಬ್ಬರು 58 ಸಾವಿರ, ಇನ್ನೊಬ್ಬರು 82 ಸಾವಿರ, ಮೂರನೆಯವರು 70 ಸಾವಿರ ಅಂದರು. ಯಾರಿಗಾದರೂ ಮೊದಲು ಹೊಳೆಯೋದು 58 ಸಾವಿರದವರಿಗೆ ಅಡ್ವಾನ್ಸ್ ಕೊಟ್ಟು ಬಿಡೋಣ ಅಂತಲೇ. ಆದರೆ ಇವರು ಒಮ್ಮೆ ಕೈ ಸುಟ್ಟುಕೊಂಡವರು. ದೊಡ್ಡ ಮಗಳ ಮದುವೆಯಲ್ಲಿ ಕಮ್ಮಿ ರೇಟು ನೋಡಿ ಒಪ್ಪಿಕೊಂಡಿದ್ದರು. ಇದ್ದದ್ದು ಒಂದೇ ವಿಡಿಯೋ ಕ್ಯಾಮೆರಾ. ಧಾರೆ ಎರೆಯೋ ಹೊತ್ತಿಗೆ ಅದರ ಮುಂದೆ ನೆಂಟರು ಬಂದು ನಿಂತರು. ವಿಡಿಯೋದಲ್ಲಿ ಧಾರೆ ಬದಲು ಇವತ್ತಿಗೂ ಕಾಣೋದು ಮೂರು ಜನರ ಬೆನ್ನು. ಪೂರ್ತಿ ದುಡ್ಡು ಮದುವೆ ದಿನವೇ ಕೊಟ್ಟಿದ್ದರು, ಆಲ್ಬಮ್ ಬಂದದ್ದು ಹನ್ನೊಂದು ತಿಂಗಳ ಮೇಲೆ. ಅಷ್ಟರಲ್ಲಿ ಮದುಮಗಳ ಅಜ್ಜಿ ತೀರಿಕೊಂಡಿದ್ದರು. ಆಲ್ಬಮ್‌ನಲ್ಲಿ ಅಜ್ಜಿಯ ಒಂದು ಒಳ್ಳೆ ಫೋಟೋ ಸಹ ಇರಲಿಲ್ಲ.

ಆದ್ದರಿಂದ ಈ ಸಲ ಅವರು ಮೂರೂ ಕೊಟೇಷನ್ ತಂದು ಮುಂದಿಟ್ಟು, "ನೀವೇ ನೋಡಿ ಸ್ವಾಮಿ, ಇದರಲ್ಲಿ ಯಾವುದು ಕಮ್ಮಿ?" ಅಂದರು. ಹೆಸರು ಹಾಕಬೇಡಿ, ಲೆಕ್ಕ ಬೇಕಾದರೆ ಹಾಕಿ ಅಂತ ಒಪ್ಪಿದ್ದಾರೆ. ರೇಟುಗಳು ಊರಿಂದೂರಿಗೆ, ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತವೆ. ಇಲ್ಲಿರೋದು ಈ ಒಂದು ಮದುವೆಯದ್ದು ಮಾತ್ರ. ನೀವು ನೋಡಬೇಕಾದ್ದು ಲೆಕ್ಕ ಹಾಕೋ ರೀತಿ.

ಮೊದಲು ನಿಮ್ಮ ಮನೆ ಟೈಮ್‌ಟೇಬಲ್ ಬರೆಯಿರಿ

ಸ್ಟುಡಿಯೋದವರು "ಎರಡು ದಿನ" ಅಂತ ಬರೆದಿರುತ್ತಾರೆ. ನಮ್ಮ ಕಡೆ ಮದುವೆ ಅಂದರೆ ಹಿಂದಿನ ದಿನ ಸಂಜೆ ಆರತಕ್ಷತೆ, ಮಾರನೇ ದಿನ ಮುಹೂರ್ತ. ಹಾಗಾಗಿ ಎರಡು ದಿನ ಅಂದರೆ ಎಲ್ಲಾ ಬಂತು ಅಂತ ನಾವು ಅಂದುಕೊಳ್ಳುತ್ತೇವೆ. ಕ್ಯಾಮೆರಾದವರ ಲೆಕ್ಕದಲ್ಲಿ ದಿನ ಅಂದರೆ ಇಷ್ಟು ಗಂಟೆ ಅಂತ ಇರುತ್ತೆ. ಮೊದಲ ಸ್ಟುಡಿಯೋದವರನ್ನು ಕೇಳಿದಾಗ ದಿನಕ್ಕೆ 6 ಗಂಟೆ ಅಂದರು. ಎರಡನೆಯವರದು 10 ಗಂಟೆ. ಕಾಗದದಲ್ಲಿ ಇಬ್ಬರೂ ಬರೆದದ್ದು "2 ದಿನ" ಅಂತಲೇ.

ಈ ಮನೆಯವರ ಟೈಮ್‌ಟೇಬಲ್ ಹೀಗಿತ್ತು. ಆರತಕ್ಷತೆ ದಿನ ಮಧ್ಯಾಹ್ನ ಮೂರೂವರೆಗೆ ಹೆಣ್ಣಿನ ಮೇಕಪ್ ಶುರು, ವರಪೂಜೆ, ಆಮೇಲೆ ಸ್ಟೇಜ್, ರಾತ್ರಿ ಹತ್ತೂವರೆಗೆ ಮುಗಿಯುತ್ತೆ. ಅಲ್ಲಿಗೆ 7 ಗಂಟೆ. ಮುಹೂರ್ತದ ದಿನ ಬೆಳಿಗ್ಗೆ ಐದೂವರೆಗೆ ಶಾಸ್ತ್ರಗಳು ಶುರುವಾದರೆ, ಊಟ ಮುಗಿದು ಹೆಣ್ಣೊಪ್ಪಿಸೋ ಹೊತ್ತಿಗೆ ಮಧ್ಯಾಹ್ನ ಒಂದೂವರೆ. ಅದು 8 ಗಂಟೆ. ಅಂದರೆ 6 ಗಂಟೆ ಲೆಕ್ಕದವರ ಹತ್ತಿರ ಮೊದಲ ದಿನ ಒಂದು ಗಂಟೆ, ಎರಡನೇ ದಿನ ಎರಡು ಗಂಟೆ ಹೆಚ್ಚಾಗುತ್ತೆ.

ಮೂರು ಗಂಟೆ ತಾನೇ ಅನ್ನಬೇಡಿ. ಹೆಚ್ಚುವರಿ ಗಂಟೆಗೆ 800 ರೂಪಾಯಿ ಅಂತ ಹೇಳಿದ್ದರು. ಅದು ತಲೆಗೆ ಎಂಟುನೂರು, ಟೀಮಿಗಲ್ಲ. ಮೂರು ಜನ ಕ್ಯಾಮೆರಾ ಹಿಡಿದಿದ್ದರೆ ಒಂದು ಗಂಟೆಗೆ 2,400. ಮೂರು ಗಂಟೆಗೆ 7,200. ಈ ಒಂದು ಪ್ರಶ್ನೆಯನ್ನು ಜನ ಕೇಳೋದೇ ಇಲ್ಲ: "ಎಕ್ಸ್‌ಟ್ರಾ ಅವರ್ ಒಬ್ಬರಿಗಾ, ಎಲ್ಲರಿಗೂ ಸೇರಿಯಾ?" ಜೊತೆಗೆ ಗಂಟೆ ಯಾವಾಗಿಂದ ಶುರು ಅನ್ನೋದನ್ನೂ ಕೇಳಿ. ಸ್ಟುಡಿಯೋ ಬಿಟ್ಟ ಹೊತ್ತಿನಿಂದ ಲೆಕ್ಕ ಹಾಕುವವರೂ ಇದ್ದಾರೆ, ಛತ್ರದಲ್ಲಿ ಕ್ಯಾಮೆರಾ ಆನ್ ಮಾಡಿದ ಮೇಲೆ ಲೆಕ್ಕ ಹಾಕುವವರೂ ಇದ್ದಾರೆ. ತುರುವೇಕೆರೆಯಿಂದ ಅರಸೀಕೆರೆ ಛತ್ರಕ್ಕೆ ಬಂದು ಹೋಗೋದಾದರೆ ಇದರಲ್ಲೇ ವ್ಯತ್ಯಾಸ ಬೀಳುತ್ತೆ.

ಇನ್ನು ಯಾರು ಯಾವ ದಿನ ಬರ್ತಾರೆ ಅನ್ನೋದು. ಕೊಟೇಷನ್‌ನಲ್ಲಿ "ಟ್ರೆಡಿಷನಲ್ ಫೋಟೋ, ಟ್ರೆಡಿಷನಲ್ ವಿಡಿಯೋ, ಕ್ಯಾಂಡಿಡ್" ಅಂತ ಮೂರು ಸಾಲು ಇರುತ್ತೆ. ಟ್ರೆಡಿಷನಲ್ ಅಂದರೆ ಸ್ಟೇಜ್ ಮೇಲೆ ನಿಲ್ಲಿಸಿ ತೆಗೆಯೋ ಗ್ರೂಪ್ ಫೋಟೋ, ಶಾಸ್ತ್ರದ ಫೋಟೋ, ಬಂದ ನೆಂಟರು ಒಬ್ಬರೂ ಬಿಟ್ಟು ಹೋಗದ ಹಾಗೆ. ಕ್ಯಾಂಡಿಡ್ ಅಂದರೆ ನಿಲ್ಲಿಸದೆ, ಹೇಳದೆ, ನಡೆಯೋದನ್ನು ನಡೆಯೋ ಹಾಗೆ ತೆಗೆಯೋದು. ಮೊದಲ ಸ್ಟುಡಿಯೋದವರ ಕ್ಯಾಂಡಿಡ್ ಇದ್ದದ್ದು ಮುಹೂರ್ತದ ದಿನ ಮಾತ್ರ. ಆರತಕ್ಷತೆಗೂ ಬೇಕಾದರೆ 9 ಸಾವಿರ ಬೇರೆ. ಎರಡನೆಯವರದು ಎರಡೂ ದಿನ ಮೂರು ಜನ.

ನನ್ನ ಅಭಿಪ್ರಾಯ ಕೇಳಿದರೆ, ಆರತಕ್ಷತೆಗೆ ಕ್ಯಾಂಡಿಡ್ ಅಷ್ಟೇನೂ ಬೇಕಿಲ್ಲ. ಮೂರು ಗಂಟೆ ಕಾಲ ಸಾಲಾಗಿ ಜನ ಬಂದು ನಿಂತು ಹೋಗೋದನ್ನು ಕ್ಯಾಂಡಿಡ್‌ನವರು ತಾನೇ ಏನು ಮಾಡ್ತಾರೆ? ಆ ದುಡ್ಡಿಗೆ ಮುಹೂರ್ತದ ದಿನ ಇನ್ನೊಂದು ವಿಡಿಯೋ ಕ್ಯಾಮೆರಾ ಹಾಕಿಸಿದರೆ ಉಪಯೋಗ. ಧಾರೆ, ಮಾಂಗಲ್ಯಧಾರಣೆ ಎರಡೂ ಮತ್ತೆ ಮಾಡಿಸೋಕೆ ಬರಲ್ಲ. ಒಂದು ಕ್ಯಾಮೆರಾಕ್ಕೆ ಯಾರೋ ಅಡ್ಡ ಬಂದರೆ ಇನ್ನೊಂದರಲ್ಲಾದರೂ ಸಿಗುತ್ತೆ.

ಆಲ್ಬಮ್: ಶೀಟು ಎಷ್ಟು, ಪುಟ ಎಷ್ಟು

ಜಗಳ ಜಾಸ್ತಿ ಆಗೋದು ಇಲ್ಲೇ. ಈಗಿನ ಮದುವೆ ಆಲ್ಬಮ್‌ಗಳಲ್ಲಿ ಹೆಚ್ಚು ಓಡೋದು 12×36 ಸೈಜ್. ಅಂದರೆ ಆಲ್ಬಮ್ ಬಿಚ್ಚಿ ಇಟ್ಟಾಗ ಅಗಲ 36 ಇಂಚು, ಎತ್ತರ 12 ಇಂಚು. ಮುಚ್ಚಿದಾಗ ಅಗಲ 18 ಇಂಚು. ಒಂದೇ ಉದ್ದದ ಪ್ರಿಂಟನ್ನು ಮಧ್ಯ ಮಡಚಿ, ಬೆನ್ನಿಗೆ ಬೆನ್ನು ಅಂಟಿಸಿ ಬೈಂಡ್ ಮಾಡ್ತಾರೆ. ಆದ್ದರಿಂದ ಒಂದು ಶೀಟ್ ಅಂದರೆ ಬಿಚ್ಚಿದಾಗ ಕಾಣೋ ಎಡ, ಬಲ ಎರಡೂ ಪುಟ. 40 ಶೀಟು ಅಂದರೆ 80 ಪುಟ. ಒಬ್ಬರು 40 ಶೀಟು ಅಂತ ಬರೆದು, ಇನ್ನೊಬ್ಬರು 60 ಪುಟ ಅಂತ ಬರೆದರೆ, ನೋಡೋರಿಗೆ ಎರಡನೆಯದೇ ದೊಡ್ಡದಾಗಿ ಕಾಣುತ್ತೆ. ನಿಜವಾಗಿ ಅದು 30 ಶೀಟು ಮಾತ್ರ.

ನಮ್ಮ ಲೆಕ್ಕದಲ್ಲಿ ಮೊದಲ ಸ್ಟುಡಿಯೋ 25 ಶೀಟು, ಎರಡನೆಯದು 40 ಶೀಟು. ಮೊದಲನೆಯವರಲ್ಲಿ ಹೆಚ್ಚಿನ ಶೀಟಿಗೆ 350 ರೂಪಾಯಿ. 40ಕ್ಕೆ ಸರಿ ಮಾಡಬೇಕಾದರೆ 15 ಶೀಟಿಗೆ 5,250 ಆಗುತ್ತೆ.

ಎಷ್ಟು ಶೀಟು ಸಾಕು ಅನ್ನೋದು ಫೋಟೋ ಲೆಕ್ಕದಿಂದ ಹೊರಡಬೇಕು. ಒಂದು ಶೀಟಿನಲ್ಲಿ ನಾಲ್ಕೈದು ಫೋಟೋ ಇದ್ದರೆ ನೋಡೋಕೆ ಚೆನ್ನ. 25 ಶೀಟಿಗೆ ನೂರರಿಂದ ನೂರಿಪ್ಪತ್ತೈದು ಫೋಟೋ. 40 ಶೀಟಿಗೆ ನೂರಅರವತ್ತರಿಂದ ಇನ್ನೂರು. ಸ್ಟೇಜ್ ಗ್ರೂಪ್ ಫೋಟೋಗಳನ್ನೆಲ್ಲ ಆಲ್ಬಮ್‌ಗೆ ತುಂಬ್ತೀವಿ ಅಂದರೆ ಎಷ್ಟು ಶೀಟೂ ಸಾಲಲ್ಲ. ಸ್ಟುಡಿಯೋದವರು ಒಂದೊಂದು ಶೀಟಿಗೆ ಹನ್ನೆರಡು ಹದಿನೈದು ಫೋಟೋ ಕೂರಿಸಿ ಸ್ಟಾಂಪ್ ಸೈಜ್ ಮಾಡಿ ಕೊಡ್ತಾರೆ. ಆಮೇಲೆ ಯಾರ ಮುಖ ಯಾರದ್ದು ಅಂತ ಹುಡುಕಬೇಕು.

ಆಲ್ಬಮ್ ಕವರ್, ಬ್ಯಾಗ್ ಅಥವಾ ಬಾಕ್ಸ್, ಡಿಸೈನ್ ಚಾರ್ಜ್ ಎಲ್ಲಾ ಸೇರಿದೆಯಾ ಅಂತ ಒಂದು ಮಾತು ಕೇಳಿಬಿಡಿ. ಶೀಟು ಹರಿಯದ ಪ್ಲಾಸ್ಟಿಕ್ ಥರದ್ದಾ, ಮಾಮೂಲಿ ಫೋಟೋ ಪೇಪರ್ ಆ ಅನ್ನೋದನ್ನು ಅಂಗಡಿಯಲ್ಲೇ ಸ್ಯಾಂಪಲ್ ಮುಟ್ಟಿ ನೋಡಿ. ಸ್ಯಾಂಪಲ್ ತೋರಿಸುವಾಗ ಹತ್ತು ಮದುವೆಯಿಂದ ಆರಿಸಿದ ಫೋಟೋಗಳ ಆಲ್ಬಮ್ ಬೇಡ, ಒಂದೇ ಮದುವೆಯ ಪೂರ್ತಿ ಆಲ್ಬಮ್ ತೋರಿಸಿ ಅನ್ನಿ. ಹತ್ತು ಮದುವೆಯಲ್ಲಿ ಹತ್ತು ಒಳ್ಳೆ ಫೋಟೋ ಯಾರಿಗಾದರೂ ಸಿಗುತ್ತೆ. ಮುಹೂರ್ತದ ಹೊಗೆ, ಛತ್ರದ ಟ್ಯೂಬ್‌ಲೈಟ್, ನೂಕುನುಗ್ಗಲು ಇದ್ದಾಗ ಅವರ ಕೆಲಸ ಹೇಗಿದೆ ಅನ್ನೋದು ಪೂರ್ತಿ ಆಲ್ಬಮ್‌ನಲ್ಲೇ ಗೊತ್ತಾಗೋದು.

ಎಡಿಟಿಂಗ್ ಅಂದರೆ ಯಾವ ಎಡಿಟಿಂಗ್?

"ಎಲ್ಲಾ ಫೋಟೋ ಎಡಿಟ್ ಮಾಡಿ ಕೊಡ್ತೀವಿ" ಅನ್ನೋ ಮಾತಿಗೆ ಎರಡು ಅರ್ಥ ಇದೆ. ಒಂದು, ಬೆಳಕು ಮತ್ತು ಬಣ್ಣ ಸರಿ ಮಾಡೋದು. ಇದನ್ನು ಕಂಪ್ಯೂಟರ್‌ನಲ್ಲಿ ನೂರಾರು ಫೋಟೋಗೆ ಒಟ್ಟಿಗೇ ಮಾಡಬಹುದು. ಇನ್ನೊಂದು, ಒಂದೊಂದು ಫೋಟೋ ತೆಗೆದುಕೊಂಡು ಮುಖದ ಕಲೆ, ಬೆವರಿನ ಹೊಳಪು, ಹಿಂದೆ ಕಾಣೋ ನೀರಿನ ಕ್ಯಾನ್ ಎಲ್ಲ ತೆಗೆಯೋದು. ಇದಕ್ಕೆ ಫೋಟೋಗೆ ಹತ್ತಿಪ್ಪತ್ತು ನಿಮಿಷ ಹಿಡಿದರೂ ಹಿಡಿಯಿತು. ಸಾಮಾನ್ಯವಾಗಿ ಎರಡನೇ ಥರದ್ದು ಆಲ್ಬಮ್‌ಗೆ ಹೋಗೋ ಫೋಟೋಗಳಿಗೆ ಮಾತ್ರ. ಹಾಗಾಗಿ ಎಷ್ಟು ಫೋಟೋಗೆ ಅಂತ ಸಂಖ್ಯೆ ಬರೆಸಿ.

"ರಾ ಕೊಡ್ತೀವಿ" ಅನ್ನೋದಕ್ಕೂ ಇದೇ ಕಥೆ. ಕೆಲವರು ರಾ ಅಂದರೆ ಎಡಿಟ್ ಮಾಡದ ಮಾಮೂಲಿ ಜೆಪೆಗ್ ಫೋಟೋ ಅಂತ ಅರ್ಥ ಮಾಡ್ತಾರೆ, ಮೊಬೈಲ್‌ನಲ್ಲಿ ನೇರ ತೆರೆಯುತ್ತೆ. ಕ್ಯಾಮೆರಾದ ನಿಜವಾದ ರಾ ಫೈಲ್ ಬೇರೆ, ಅದನ್ನು ತೆರೆಯೋಕೆ ಸಾಫ್ಟ್‌ವೇರ್ ಬೇಕು, ಮನೆಯವರಿಗೆ ಅದರಿಂದ ಪ್ರಯೋಜನ ಕಡಿಮೆ. ನಿಮಗೆ ಬೇಕಾದ್ದು ತೆಗೆದ ಅಷ್ಟೂ ಫೋಟೋ ದೊಡ್ಡ ಸೈಜಿನ ಜೆಪೆಗ್‌ನಲ್ಲಿ. ಒಂದೊಂದು ಸುಮಾರು 10 ಎಂಬಿ ಇದ್ದರೆ 2,000 ಫೋಟೋಗೆ 20 ಜಿಬಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಸೈಜ್ ಕುಗ್ಗುತ್ತೆ, ಗೋಡೆಗೆ ಹಾಕೋ ಫ್ರೇಮ್‌ಗೆ ದೊಡ್ಡದು ಮಾಡಿದರೆ ಒಡೆಯುತ್ತೆ. ಪೆನ್‌ಡ್ರೈವ್‌ನಲ್ಲೇ ತೆಗೆದುಕೊಳ್ಳಿ.

ವಿಡಿಯೋದಲ್ಲಿ ಪೂರ್ತಿ ಮದುವೆ ವಿಡಿಯೋ ಒಂದು, ಹೈಲೈಟ್ಸ್ ಒಂದು. ಪೂರ್ತಿ ವಿಡಿಯೋ ಎರಡು ಮೂರು ಗಂಟೆ ಇರುತ್ತೆ, ಅಜ್ಜ ಅಜ್ಜಿ ನೋಡೋದು ಅದನ್ನೇ. ಹೈಲೈಟ್ಸ್ ಮೂರರಿಂದ ಐದು ನಿಮಿಷ, ಹುಡುಗ ಹುಡುಗಿ ಸ್ಟೇಟಸ್‌ಗೆ ಹಾಕೋದು ಇದನ್ನು. ಕೆಲಸ ಜಾಸ್ತಿ ಇರೋದು ಚಿಕ್ಕದರಲ್ಲೇ, ಅದಕ್ಕೇ ಚಾರ್ಜ್ ಬೇರೆ ಹಾಕ್ತಾರೆ. ಮೊದಲ ಸ್ಟುಡಿಯೋದಲ್ಲಿ 5 ಸಾವಿರ, ಎರಡನೆಯದರಲ್ಲಿ ಸೇರಿತ್ತು. ತಿದ್ದುಪಡಿ ಎಷ್ಟು ಸಲ ಉಚಿತ ಅಂತಲೂ ಕೇಳಿ. ಒಂದು ಅಥವಾ ಎರಡು ಸಲ ಅನ್ನೋದು ನ್ಯಾಯವೇ. ಒಬ್ಬೊಬ್ಬ ಭಾವ ಒಂದೊಂದು ದಿನ ಫೋನ್ ಮಾಡಿ "ನನ್ನ ಸೀನ್ ಎಲ್ಲಿ?" ಅಂದರೆ ಎಡಿಟರ್ ಏನು ಮಾಡಬೇಕು? ಮನೆಯವರೆಲ್ಲ ಕೂತು ನೋಡಿ, ಒಂದೇ ಪಟ್ಟಿ ಕೊಡಿ. ಸಿನಿಮಾ ಹಾಡು ಹಾಕಿದ ವಿಡಿಯೋ ಯೂಟ್ಯೂಬ್‌ಗೆ ಹಾಕಿದರೆ ಕಾಪಿರೈಟ್ ಕ್ಲೇಮ್ ಬರೋ ಸಂಭವ ಇದೆ, ಕೆಲವೊಮ್ಮೆ ವಿಡಿಯೋನೇ ಬ್ಲಾಕ್ ಆಗುತ್ತೆ. ಅದು ಸ್ಟುಡಿಯೋದವರ ತಪ್ಪಲ್ಲ.

ಪೆನ್‌ಡ್ರೈವ್ ಟಿವಿಯಲ್ಲಿ ಓಡಲಿಲ್ಲ ಅನ್ನೋದು ಇನ್ನೊಂದು ಮಾಮೂಲಿ ದೂರು. ಹಳೇ ಟಿವಿಗಳಲ್ಲಿ ಹಲವು ಓದೋದು FAT32 ಅನ್ನೋ ಫಾರ್ಮ್ಯಾಟ್‌ನ ಪೆನ್‌ಡ್ರೈವ್ ಮಾತ್ರ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ. ಎರಡು ಗಂಟೆಯ ಒಳ್ಳೆ ಕ್ವಾಲಿಟಿ ವಿಡಿಯೋ ಸುಲಭವಾಗಿ 4 ಜಿಬಿ ದಾಟುತ್ತೆ. ಆಗ ವಿಡಿಯೋನ ಭಾಗ ಮಾಡಿ ಹಾಕಿಕೊಡಬೇಕು. 4ಕೆ ವಿಡಿಯೋ ಆದರೆ ಹಳೇ ಟಿವಿ ಕೈಚೆಲ್ಲೋದೂ ಉಂಟು. ಕೊನೇ ಕಂತು ಕೊಡೋ ಮುಂಚೆ ನಿಮ್ಮ ಮನೆ ಟಿವಿಗೇ ಹಾಕಿ ನೋಡಿ.

ಈಗ ಕೂಡೋಣ

ಮೊದಲ ಸ್ಟುಡಿಯೋದ 58,000ಕ್ಕೆ ಹೆಚ್ಚಿನ ಗಂಟೆಯ 7,200, ಆರತಕ್ಷತೆ ಕ್ಯಾಂಡಿಡ್‌ನ 9,000, ಹದಿನೈದು ಶೀಟಿನ 5,250, ಹೈಲೈಟ್ಸ್‌ನ 5,000 ಸೇರಿಸಿದರೆ 84,450. ಎರಡನೇ ಸ್ಟುಡಿಯೋ ಅಷ್ಟನ್ನೇ ಕೊಡೋದು 82,000ಕ್ಕೆ. ಅಂದರೆ ಕಮ್ಮಿ ಅಂತ ಕಂಡದ್ದು 2,450 ರೂಪಾಯಿ ಜಾಸ್ತಿ.

ಮೂರನೆಯವರ 70 ಸಾವಿರದ ಕೆಳಗೆ ಸಣ್ಣದಾಗಿ "ಜಿಎಸ್‌ಟಿ ಪ್ರತ್ಯೇಕ" ಅಂತಿತ್ತು. ಫೋಟೋಗ್ರಫಿ ಸೇವೆಗೆ ಜಿಎಸ್‌ಟಿ ಶೇ. 18. ಅಲ್ಲಿಗೆ 12,600 ಸೇರಿ 82,600. ಅವರು ಬೆಂಗಳೂರಿನಿಂದ ಬರುವವರು, ಕಾರು ಬಾಡಿಗೆ ಮತ್ತು ಲಾಡ್ಜ್ ಖರ್ಚು ನಮ್ಮದೇ. ಇಲ್ಲೊಂದು ಮಾತು: ಸೇವೆ ಕೊಡೋರ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡೋ ಹಾಗಿಲ್ಲ. ಜಿಎಸ್‌ಟಿ ಕೇಳಿದರೆ ಅವರ 15 ಅಕ್ಷರದ ಜಿಎಸ್‌ಟಿ ನಂಬರ್ ಇರೋ ಬಿಲ್ ಕೇಳಿ.

ಹಾಗಂತ ಮೊದಲ ಸ್ಟುಡಿಯೋದವರು ಮೋಸಗಾರರು ಅಂತ ಅಲ್ಲ. ಕಡಿಮೆ ಬೇಕಾದವರಿಗೆ ಅವರದ್ದೇ ಸರಿ. ಆರತಕ್ಷತೆ ಕ್ಯಾಂಡಿಡ್ ಬಿಟ್ಟರೆ 9 ಸಾವಿರ ಉಳಿಯಿತು, ಮೊದಲ ದಿನ ಇಬ್ಬರಿಗೇ ಎಕ್ಸ್‌ಟ್ರಾ ಅವರ್ ಆದ್ದರಿಂದ ಗಂಟೆ ಲೆಕ್ಕ 6,400ಕ್ಕೆ ಇಳಿಯಿತು. ಆಲ್ಬಮ್ 30 ಶೀಟು ಸಾಕು ಅಂದರೆ ಐದು ಶೀಟಿಗೆ 1,750. ಹೈಲೈಟ್ಸ್ 5,000. ಒಟ್ಟು 71,150. ಈ ಮನೆಯವರು ಕೊನೆಗೆ ಹೋದದ್ದು ಈ ದಾರಿಯಲ್ಲೇ. ಎದುರಿಗೆ ಕೂತು ಇಷ್ಟೂ ಸಾಲು ಬರೆಸಿ, 70 ಸಾವಿರಕ್ಕೆ ಒಪ್ಪಿಸಿದರು. ಉಳಿದ ದುಡ್ಡಲ್ಲಿ ಮುಹೂರ್ತಕ್ಕೆ ಎರಡನೇ ವಿಡಿಯೋ ಕ್ಯಾಮೆರಾವನ್ನು 6 ಸಾವಿರಕ್ಕೆ ಸೇರಿಸಿದರು. ಎಲ್ಲಾ ಸೇರಿ 76 ಸಾವಿರ.

ಕೊಟೇಷನ್‌ನಲ್ಲಿ ಡ್ರೋನ್ ಉಚಿತ ಅಂತ ಕಂಡರೆ ಸ್ವಲ್ಪ ಯೋಚಿಸಿ. ಛತ್ರದ ಒಳಗೆ ನಡೆಯೋ ಮದುವೆಗೆ ಡ್ರೋನ್‌ನಿಂದ ಸಿಗೋದು ಗೇಟು, ಪಾರ್ಕಿಂಗ್, ಛಾವಣಿ ಅಷ್ಟೇ. 250 ಗ್ರಾಂಗಿಂತ ಭಾರದ ಡ್ರೋನ್ ಅನ್ನು ಸಂಪಾದನೆಗಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಸರ್ಟಿಫಿಕೇಟ್ ಇರಬೇಕು ಅನ್ನುತ್ತೆ 2021ರ ಡ್ರೋನ್ ನಿಯಮ.

ಸ್ಟುಡಿಯೋದವರ ಮಾತೂ ಕೇಳಿ

ಪೇಟೆಯ ಹಳೇ ಸ್ಟುಡಿಯೋ ಮಾಲೀಕರೊಬ್ಬರು ಹೇಳಿದ್ದು: "ಸಾರ್, ಆಲ್ಬಮ್ ಲೇಟು ಅಂತ ಎಲ್ಲರೂ ಬೈತಾರೆ. ಫೋಟೋ ಸೆಲೆಕ್ಷನ್ ಮಾಡಿ ಕೊಡೋಕೆ ಆರು ತಿಂಗಳು ತಗೊಂಡಿದ್ದು ಯಾರೂ ಹೇಳಲ್ಲ." ಇದು ನಿಜ. ಡಿಸೈನ್ ಶುರುವಾಗೋದು ನೀವು ಫೋಟೋ ಆರಿಸಿ ಕೊಟ್ಟ ಮೇಲೆ. ಅದಕ್ಕೇ ಕಾಗದದಲ್ಲಿ ಎರಡು ಗಡುವು ಬರೆಯೋದು ಒಳ್ಳೇದು: ಮದುವೆಯಾಗಿ ಇಷ್ಟು ದಿನದಲ್ಲಿ ಎಲ್ಲಾ ಫೋಟೋ ಕೊಡಬೇಕು, ಸೆಲೆಕ್ಷನ್ ಕೊಟ್ಟ ಮೇಲೆ ಇಷ್ಟು ದಿನದಲ್ಲಿ ಆಲ್ಬಮ್ ಕೊಡಬೇಕು.

ಆರಿಸುವಾಗ ಸ್ಕ್ರೀನ್‌ಶಾಟ್ ಕಳಿಸಬೇಡಿ, ಅದರಲ್ಲಿ ಫೈಲ್ ನಂಬರ್ ಇರಲ್ಲ. DSC_0457 ಥರದ ಹೆಸರನ್ನೇ ಬರೆಯಿರಿ. ಎರಡು ಕ್ಯಾಮೆರಾ ಬಳಸಿದ್ದರೆ ಎರಡರಲ್ಲೂ DSC_0457 ಇರಬಹುದು. ಹಾಗಾಗಿ ಯಾವ ಫೋಲ್ಡರ್ ಅನ್ನೋದನ್ನೂ ಸೇರಿಸಿ. ಇಲ್ಲದಿದ್ದರೆ ನೀವು ಅಜ್ಜಿ ಫೋಟೋ ಕೇಳಿದ ಜಾಗದಲ್ಲಿ ಅಡುಗೆಯವರ ಫೋಟೋ ಕೂತಿರುತ್ತೆ.

ಅದೇ ಮಾಲೀಕರು ಇನ್ನೊಂದು ಮಾತನ್ನೂ ಒಪ್ಪಿಕೊಂಡರು. ಒಳ್ಳೆ ಮುಹೂರ್ತದ ಭಾನುವಾರ ಎರಡು ಮೂರು ಮದುವೆ ಒಟ್ಟಿಗೆ ಬರುತ್ತವೆ, ಆಗ ಹೊರಗಿನ ಕ್ಯಾಮೆರಾಮನ್‌ಗಳನ್ನು ದಿನಗೂಲಿ ಮೇಲೆ ಕರೆಸಿ ಕಳಿಸ್ತಾರೆ. ನೀವು ಅಂಗಡಿಯಲ್ಲಿ ಯಾರ ಕೆಲಸ ನೋಡಿ ಮೆಚ್ಚಿದಿರೋ ಅವರೇ ಬರ್ತಾರಾ ಅಂತ ಹೆಸರು ಕೇಳಿ ಬರೆಸಿಕೊಳ್ಳಿ. ನಿಮ್ಮ ಫೋಟೋ ಅವರ ಇನ್‌ಸ್ಟಾಗ್ರಾಂ ಪೇಜಿಗೆ ಹಾಕೋ ವಿಚಾರವೂ ಅಲ್ಲೇ ಮಾತಾಡಿ. ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಮೊದಲ ಹಕ್ಕು ತೆಗೆಸಿದವರದ್ದು.

ದುಡ್ಡಿನ ಕಂತನ್ನು ಈ ಮನೆಯವರು ಹೀಗೆ ಮಾಡಿಕೊಂಡರು: ಬುಕ್ ಮಾಡುವಾಗ 20 ಸಾವಿರ, ಮುಹೂರ್ತದ ದಿನ 30 ಸಾವಿರ, ಎಲ್ಲಾ ಫೋಟೋ ಪೆನ್‌ಡ್ರೈವ್‌ನಲ್ಲಿ ಸಿಕ್ಕಾಗ 11 ಸಾವಿರ, ಆಲ್ಬಮ್ ಮತ್ತು ವಿಡಿಯೋ ಕೈಗೆ ಬಂದಾಗ 15 ಸಾವಿರ. ಸ್ಟುಡಿಯೋದವರು ಮೊದಲು ಒಪ್ಪಲಿಲ್ಲ. "ಆಲ್ಬಮ್ ಮಾಡಿಸಿಟ್ಟು ಜನ ತೆಗೆದುಕೊಂಡು ಹೋಗೋಕೆ ಬರೋದೇ ಇಲ್ಲ" ಅಂತ ಅವರ ಗೋಳು. ಕೊನೆಗೆ ಆಲ್ಬಮ್ ರೆಡಿ ಅಂತ ಹೇಳಿದ ಹದಿನೈದು ದಿನದೊಳಗೆ ದುಡ್ಡು ಕೊಟ್ಟು ಒಯ್ಯಬೇಕು ಅನ್ನೋ ಸಾಲು ಸೇರಿಸಿದ ಮೇಲೆ ಒಪ್ಪಿದರು.

ಅಂಗಡಿಯಿಂದ ಹೊರಗೆ ಬಂದ ತಕ್ಷಣ ಯಜಮಾನರು ಸ್ಟುಡಿಯೋದವರಿಗೆ ಕಳಿಸಿದ ವಾಟ್ಸಾಪ್ ಮೆಸೇಜ್ ಇದು:

"ಶನಿವಾರ 3.30ರಿಂದ 10.30, ಭಾನುವಾರ 5.30ರಿಂದ 1.30. ಶನಿವಾರ ಫೋಟೋ 1, ವಿಡಿಯೋ 1. ಭಾನುವಾರ ಫೋಟೋ 1, ಕ್ಯಾಂಡಿಡ್ 1, ವಿಡಿಯೋ 2. ಎಲ್ಲಾ ಫೋಟೋ ದೊಡ್ಡ ಸೈಜ್ 15 ದಿನದಲ್ಲಿ. ಆಲ್ಬಮ್ 12×36, 30 ಶೀಟು ಅಂದರೆ 60 ಪುಟ, ಸೆಲೆಕ್ಷನ್ ಕೊಟ್ಟ 45 ದಿನದಲ್ಲಿ. ಪೂರ್ತಿ ವಿಡಿಯೋ 2 ಗಂಟೆಗೆ ಕಮ್ಮಿ ಇಲ್ಲ, ಹೈಲೈಟ್ಸ್ 4 ನಿಮಿಷ, ತಿದ್ದುಪಡಿ 2 ಸಲ. ಈ ಟೈಮ್ ಮೀರಿದರೆ ಒಬ್ಬರಿಗೆ ಗಂಟೆಗೆ 800, ನಮ್ಮನ್ನು ಕೇಳಿಯೇ. ಒಟ್ಟು 76,000, ಬೇರೆ ಏನೂ ಇಲ್ಲ. ಸರಿ ಇದ್ದರೆ ಓಕೆ ಅಂತ ಹಾಕಿ."

ಹತ್ತು ನಿಮಿಷದ ಮೇಲೆ ಉತ್ತರ ಬಂತು: "ಓಕೆ ಸಾರ್. ಅಜ್ಜಿ ತಾತಂದಿರ ಫೋಟೋ ಮೊದಲೇ ತೆಗೀಬೇಕಾದ್ರೆ ಶನಿವಾರ 4 ಗಂಟೆಗೆ ರೆಡಿ ಇರೋಕೆ ಹೇಳಿ, ಆಮೇಲೆ ಸ್ಟೇಜ್ ರಶ್ ಆಗುತ್ತೆ."